ಟ್ಯಾಂಕರ್ ದರ: ಮಾರ್ಚ್‌ವರೆಗೆ ಕಾಯಬಾರದು

ಬೆಂಗಳೂರಿನ ಹೊರವಲಯದಲ್ಲಿ ಸಂಕ್ರಾಂತಿ ಕಳೆದ ಮೇಲೆ ಟ್ಯಾಂಕರ್ ನೀರಿನ ದರ ಮೆಲ್ಲಗೆ ಏರತೊಡಗುತ್ತದೆ. ಮೊದಲು ಲೋಡಿಗೆ ಐವತ್ತು ರೂಪಾಯಿ ಹೆಚ್ಚು, ಆಮೇಲೆ ನೂರು. ಸರ್ಕಾರ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಅದು ದುಪ್ಪಟ್ಟಾಗಿರುತ್ತದೆ. 2024ರಲ್ಲಿ ನಡೆದದ್ದು ಇದೇ. ಹಿಂದಿನ ವರ್ಷದ ಮಳೆ ಕೈಕೊಟ್ಟಿತ್ತು. ನಗರದ 13,900 ಕೊಳವೆಬಾವಿಗಳಲ್ಲಿ ಸುಮಾರು 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಜಿಲ್ಲಾಡಳಿತ ಖಾಸಗಿ ಟ್ಯಾಂಕರ್‌ಗಳಿಗೆ ದರ ನಿಗದಿ ಮಾಡಿದ್ದು ಮಾರ್ಚ್‌ನಲ್ಲಿ. ಅಷ್ಟು ಹೊತ್ತಿಗೆ ಜನ ಕೇಳಿದಷ್ಟು ಕೊಟ್ಟಾಗಿತ್ತು.

ಮುಂದಿನ ಬೇಸಿಗೆಗೆ ಮುನ್ನ ಆ ದರಪಟ್ಟಿಯನ್ನು ಮತ್ತೆ ತೆರೆದು ನೋಡುವುದು ಒಳ್ಳೆಯದು. 5 ಕಿ.ಮೀ. ಒಳಗೆ 6,000 ಲೀಟರ್‌ಗೆ 600 ರೂಪಾಯಿ, 8,000 ಲೀಟರ್‌ಗೆ 700, 12,000 ಲೀಟರ್‌ಗೆ 1,000. 5ರಿಂದ 10 ಕಿ.ಮೀ. ದೂರವಾದರೆ ಅದೇ ಕ್ರಮದಲ್ಲಿ 750, 850 ಮತ್ತು 1,200. ಹೀಗೆ ಲೋಡಿನ ಲೆಕ್ಕದಲ್ಲಿ ನೋಡಿದರೆ ಯಾವುದು ಅಗ್ಗ, ಯಾವುದು ದುಬಾರಿ ಎಂಬುದು ತಿಳಿಯುವುದಿಲ್ಲ. ಸಾವಿರ ಲೀಟರಿಗೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಬೇಕು. ಹತ್ತಿರದ ಲೋಡಿನಲ್ಲಿ ಚಿಕ್ಕ ಟ್ಯಾಂಕರ್‌ನ ನೀರು ಸಾವಿರ ಲೀಟರಿಗೆ 100 ರೂಪಾಯಿ, ದೊಡ್ಡದರದು ಸುಮಾರು 83. ದೂರದ ಲೋಡಿನಲ್ಲಿ ಚಿಕ್ಕದರದು 125, ದೊಡ್ಡದರದು 100. ಅಂದರೆ ದೊಡ್ಡ ಟ್ಯಾಂಕರ್ ಹತ್ತು ಕಿಲೋಮೀಟರ್ ದೂರದಿಂದ ತಂದ ನೀರಿನ ಬೆಲೆಯನ್ನೇ ಚಿಕ್ಕ ಟ್ಯಾಂಕರ್ ಪಕ್ಕದ ಬೀದಿಯಿಂದ ತಂದ ನೀರಿಗೂ ಕೊಡಬೇಕಿತ್ತು.

ಈ ವ್ಯತ್ಯಾಸದ ಹೊರೆ ಯಾರ ಮೇಲೆ ಬೀಳುತ್ತದೆ? ದೊಡ್ಡ ಸಂಪು ಇರುವ ಅಪಾರ್ಟ್‌ಮೆಂಟ್ 12,000 ಲೀಟರನ್ನು ಒಂದೇ ಸಲ ಇಳಿಸಿಕೊಳ್ಳುತ್ತದೆ. 20x30 ಸೈಟಿನ ಮನೆಗೆ ಅಷ್ಟು ದೊಡ್ಡ ಸಂಪೂ ಇಲ್ಲ, ಅದರ ಓಣಿಗೆ ಆ ಲಾರಿಯೂ ನುಗ್ಗುವುದಿಲ್ಲ. ಕಡಿಮೆ ನೀರು ಕೊಳ್ಳುವ ಕುಟುಂಬವೇ ಪ್ರತಿ ಲೀಟರಿಗೆ ಹೆಚ್ಚು ತೆರುತ್ತದೆ. ನೀರಿನ ಮೂಲ ದೂರ ಸರಿದಾಗ ಹೆಚ್ಚುವರಿ ಹೊರೆಯೂ ಅದರ ಮೇಲೇ ಹೆಚ್ಚು ಬೀಳುತ್ತದೆ: ಚಿಕ್ಕ ಟ್ಯಾಂಕರ್‌ಗೆ ಸಾವಿರ ಲೀಟರಿಗೆ 25 ರೂಪಾಯಿ, ದೊಡ್ಡದಕ್ಕೆ 17ಕ್ಕಿಂತ ಕಡಿಮೆ.

ಇನ್ನು ಕಾಲದ ಮಾತು. ಬೇಸಿಗೆಯಲ್ಲಿ ಏರುವ ದರವೆಲ್ಲ ಸುಲಿಗೆಯಲ್ಲ. ಕೊಳವೆಬಾವಿ ನಿಮಿಷಕ್ಕೆ 200 ಲೀಟರ್ ಕೊಡುತ್ತಿದ್ದರೆ 12,000 ಲೀಟರ್ ತುಂಬಲು ಒಂದು ಗಂಟೆ ಸಾಕು. ಇಳುವರಿ ಅರ್ಧಕ್ಕೆ ಇಳಿದರೆ ಎರಡು ಗಂಟೆ ಬೇಕು. ಆ ಬಾವಿಯೂ ಬತ್ತಿದರೆ ಲಾರಿ ಇನ್ನೊಂದು ಊರಿನ ಬಾವಿಗೆ ಹೋಗಿ ಸರದಿಯಲ್ಲಿ ನಿಲ್ಲಬೇಕು. ಲಾರಿಯ ಸಾಲದ ಕಂತು, ಚಾಲಕನ ಕೂಲಿ, ವಿಮೆ ಸೇರಿ ದಿನಕ್ಕೆ 3,000 ರೂಪಾಯಿ ಖರ್ಚಿದೆ ಎಂದು ಹಿಡಿಯೋಣ. ಹತ್ತು ಟ್ರಿಪ್ ಹೊಡೆದ ದಿನ ಒಂದು ಲೋಡಿಗೆ ಬೀಳುವುದು 300 ರೂಪಾಯಿ. ಆರೇ ಟ್ರಿಪ್ ಆದ ದಿನ ಅದು 500. ಹೋಗಿಬರುವ ದಾರಿ 10 ಕಿ.ಮೀ. ಹೆಚ್ಚಿತು, ಅದಕ್ಕೆ ಡೀಸೆಲ್ ಖರ್ಚು 225 ರೂಪಾಯಿ ಎಂದು ಸೇರಿಸಿದರೂ ಲೋಡಿನ ನಿಜವಾದ ಏರಿಕೆ 425. ಸಾವಿರ ರೂಪಾಯಿಯ ಲೋಡು 1,425 ಆಗುವುದಕ್ಕೆ ಕಾರಣವಿದೆ. ಎರಡು ಸಾವಿರ ಕೇಳಿದರೆ ಉಳಿದ 575 ರೂಪಾಯಿಯಲ್ಲಿ ಬಾವಿಯ ಮಾಲೀಕ ಏರಿಸಿದ ನೀರಿನ ಬೆಲೆ ಎಷ್ಟು, ಕೊರತೆಯ ಲಾಭ ಎಷ್ಟು ಎಂದು ಕೇಳುವ ಹಕ್ಕು ಊರಿಗಿದೆ.

2024ರ ಪಟ್ಟಿ ಈ ಪ್ರಶ್ನೆಗೆ ಉತ್ತರಿಸಲಿಲ್ಲ. ಅದರಲ್ಲಿ ಗಾತ್ರವೂ ದೂರವೂ ಇದ್ದವು, ಕಾಲ ಇರಲಿಲ್ಲ. ದೂರವೂ ಹತ್ತು ಕಿಲೋಮೀಟರಿಗೆ ನಿಂತಿತ್ತು. ಬರದಲ್ಲಿ ಲಾರಿಗಳು ಓಡಬೇಕಾಗುವುದೇ ಅದರಾಚೆಗೆ. ಖರ್ಚು ಹುಟ್ಟದ ದರ ಕಟ್ಟಿದರೆ ಮಾಲೀಕರು ಬೇರೆ ಗಿರಾಕಿಯನ್ನು ಹುಡುಕಿಕೊಂಡು ಹೋಗುತ್ತಾರೆ, ಇಲ್ಲವೇ ನೋಂದಣಿಯಿಂದ ದೂರ ಉಳಿಯುತ್ತಾರೆ. ಆ ವರ್ಷ ನಗರದ ಸುಮಾರು 3,500 ಟ್ಯಾಂಕರ್‌ಗಳಲ್ಲಿ ಮಾರ್ಚ್ ಆರಂಭದ ಹೊತ್ತಿಗೆ ನೋಂದಾಯಿಸಿದ್ದು ಹತ್ತರಲ್ಲೊಂದು ಪಾಲು ಕೂಡ ಇರಲಿಲ್ಲ.

ದರದಲ್ಲಿ ಕಾಣದ ಇನ್ನೊಂದು ಏರಿಕೆಯಿದೆ, ಅದು ಅಳತೆಯಲ್ಲಿ ಅಡಗಿರುತ್ತದೆ. ಟ್ಯಾಂಕಿನ ಮೇಲೆ 6,000 ಲೀಟರ್ ಎಂದು ಬರೆದ ಮಾತ್ರಕ್ಕೆ ಅಷ್ಟು ನೀರು ಬರಬೇಕೆಂದಿಲ್ಲ. ಮೊಟ್ಟೆಯಾಕಾರದ ಟ್ಯಾಂಕು 1.8 ಮೀಟರ್ ಅಗಲ, 1.2 ಮೀಟರ್ ಎತ್ತರ, 3 ಮೀಟರ್ ಉದ್ದವಿದ್ದರೆ ಅದು ಹಿಡಿಯುವುದು ಸುಮಾರು 5,100 ಲೀಟರ್ ಮಾತ್ರ. ಪರೀಕ್ಷೆ ಸುಲಭ. ಮೋಟಾರ್ ನಿಲ್ಲಿಸಿ, ಬೇರೆ ಕಡೆಯಿಂದ ಸಂಪಿಗೆ ನೀರು ಬರದಂತೆ ಮಾಡಿ, ಲೋಡು ಇಳಿಸುವ ಮೊದಲೂ ಆಮೇಲೂ ಮಟ್ಟ ಅಳೆಯಬೇಕು. ತಳ 3 ಮೀಟರ್ ಉದ್ದ, 2 ಮೀಟರ್ ಅಗಲ ಇರುವ ಸಂಪಿನಲ್ಲಿ 6,000 ಲೀಟರ್ ನೀರು ಮಟ್ಟವನ್ನು ಸರಿಯಾಗಿ ಒಂದು ಮೀಟರ್ ಏರಿಸಬೇಕು. 85 ಸೆಂಟಿಮೀಟರ್ ಏರಿದರೆ ಬಂದದ್ದು 5,100 ಲೀಟರ್. ಕೊಟ್ಟ ಹಣ 600 ರೂಪಾಯಿಯೇ ಆದರೂ ಸಾವಿರ ಲೀಟರಿಗೆ ಬಿದ್ದದ್ದು 100 ಅಲ್ಲ, ಸುಮಾರು 118.

ಆದ್ದರಿಂದ ಪ್ರತಿ ನಿವಾಸಿ ಸಂಘ ಜನವರಿಯಿಂದಲೇ ಒಂದು ಪುಸ್ತಕ ಇಡಲಿ. ದಿನಾಂಕ, ಸಂಪಿನಲ್ಲಿ ಅಳೆದ ಲೀಟರ್, ನೀರು ತುಂಬಿದ ಊರು, ಫೋನ್ ಮಾಡಿದ ಎಷ್ಟು ಹೊತ್ತಿಗೆ ಲಾರಿ ಬಂತು, ಸಾವಿರ ಲೀಟರಿಗೆ ಎಷ್ಟು ಬಿತ್ತು, ಇಷ್ಟು ಬರೆದರೆ ಸಾಕು. ಬೆಲೆಗಿಂತ ಮೊದಲು ಬದಲಾಗುವುದು ಕಾಯುವ ಹೊತ್ತು. ಬೆಳಗ್ಗೆ ಹೇಳಿದರೆ ಮಧ್ಯಾಹ್ನ ಬರುತ್ತಿದ್ದ ಲಾರಿ ಮರುದಿನ ಬರತೊಡಗಿದರೆ ಬಾವಿಯ ಇಳುವರಿ ಕುಸಿದಿದೆ ಅಥವಾ ಗಿರಾಕಿಗಳು ಹೆಚ್ಚಿದ್ದಾರೆ ಎಂದು ತಿಳಿಯಬೇಕು. ಟಿಡಿಎಸ್ ಮೀಟರ್ ಇದ್ದರೆ ಪ್ರತಿ ಲೋಡಿಗೂ ಒಮ್ಮೆ ಅದ್ದಿ ನೋಡಿ. ಅಂಕಿ ಥಟ್ಟನೆ ಏರಿದರೆ ನೀರು ಬೇರೆ ಬಾವಿಯಿಂದ ಅಥವಾ ಇನ್ನೂ ಆಳದಿಂದ ಬರುತ್ತಿರಬಹುದು. ಆ ನೀರು ಕುಡಿಯಲು ಯೋಗ್ಯವೇ ಎಂಬುದನ್ನು ಮೀಟರ್ ಹೇಳುವುದಿಲ್ಲ. ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ಆಡಳಿತದ ಪಾಲಿನ ಕೆಲಸ ಇನ್ನೂ ಸ್ಪಷ್ಟವಾಗಿದೆ. ದರಪಟ್ಟಿ ಜನವರಿ ಮುಗಿಯುವುದರೊಳಗೆ ಹೊರಬರಲಿ, ಸಾವಿರ ಲೀಟರಿನ ಲೆಕ್ಕದಲ್ಲಿರಲಿ. ಹತ್ತು ಕಿಲೋಮೀಟರ್ ಆಚೆಗೂ ಒಂದು ಹಂತ ಸೇರಲಿ. ಡೀಸೆಲ್ ಬೆಲೆ ಮತ್ತು ತುಂಬಿಸುವ ಹೊತ್ತು ಏರಿದಾಗ ದರ ಎಷ್ಟು ಏರಬಹುದು ಎಂಬ ನಿಯಮವನ್ನು ಮೊದಲೇ ಬರೆದಿಡಲಿ. ಟ್ಯಾಂಕುಗಳನ್ನು ತೂಕ ಮತ್ತು ಅಳತೆ ಅಧಿಕಾರಿಗಳು ಫೆಬ್ರವರಿಯಲ್ಲೇ ಅಳೆದು ಮುದ್ರೆ ಹಾಕಲಿ. ಚಿಕ್ಕ ಲೋಡು ಬಿಟ್ಟರೆ ಗತಿಯಿಲ್ಲದ ಓಣಿಗಳಿಗೆ ದೊಡ್ಡ ಟ್ಯಾಂಕರ್‌ನ ದರದಲ್ಲೇ ನೀರು ಸಿಗುವಂತೆ ವ್ಯತ್ಯಾಸದ ಹಣವನ್ನು ಸರ್ಕಾರ ಭರಿಸಲಿ. ಇವುಗಳಲ್ಲಿ ಯಾವುದಕ್ಕೂ ಬಾವಿ ಬತ್ತುವವರೆಗೆ ಕಾಯಬೇಕಾಗಿಲ್ಲ. ಹಿಂಗಾರು ಮುಗಿದ ಕೂಡಲೇ ಸಂಬಂಧಪಟ್ಟ ಇಲಾಖೆಗಳು ಒಟ್ಟಿಗೆ ಕುಳಿತು ಪಟ್ಟಿ ಸಿದ್ಧಪಡಿಸಲಿ.