ಪ್ರೀಮಿಯಂ ಇಳಿಸಿ ಎಂದು ಪತ್ರ ಬರೆಯುವ ಮೊದಲು

ಕಬ್ಬು ನುರಿಸುವ ಹಂಗಾಮಿನಲ್ಲಿ ಹಿಡಕಲ್‌ನಿಂದ ಗೋಕಾಕ, ಮೂಡಲಗಿ ಕಡೆ ಕಾರು ಓಡಿಸುವವರಿಗೆ ಟ್ರೇಲರಿನ ಕಬ್ಬು ತಾಗಿ ಬಂಪರ್ ಗೀಚುವುದು ಹೊಸದಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭಾ ಉಕ್ಕಿ ಗೋಕಾಕದೊಳಗೆ ನೀರು ನುಗ್ಗಿದ್ದನ್ನೂ ಇಲ್ಲಿಯವರು ಮರೆತಿಲ್ಲ. ಕಾರಿನ ವಿಮೆ ಇವೆರಡಕ್ಕೂ ಬೇಕು. ಆದರೆ ಗೀಚಿದ ಬಂಪರಿನ ಖರ್ಚನ್ನು ನಾವೇ ಹೊತ್ತು, ದೊಡ್ಡ ನಷ್ಟಕ್ಕೆ ಮಾತ್ರ ಕಂಪನಿಯ ಕಡೆ ನೋಡುತ್ತೇವೆ ಎಂದು ಒಪ್ಪಿದರೆ ಪ್ರೀಮಿಯಂ ಇಳಿಯುತ್ತದೆ. ಏಜೆಂಟರು ಇದನ್ನು ವಾಲಂಟರಿ ಡಿಡಕ್ಟಿಬಲ್ ಎನ್ನುತ್ತಾರೆ.

ಕಡ್ಡಾಯದ ಕಡಿತ ಹೇಗೂ ಇದ್ದೇ ಇದೆ. 1500 ಸಿಸಿವರೆಗಿನ ಖಾಸಗಿ ಕಾರಿಗೆ ಅದು ಸಾಮಾನ್ಯವಾಗಿ 1,000 ರೂಪಾಯಿ. ನಾವು ಒಪ್ಪುವ ಮೊತ್ತ ಅದರ ಮೇಲೆ ಕೂಡುತ್ತದೆ, ಪ್ರತಿ ಕ್ಲೇಮಿಗೂ ಬೇರೆ ಬೇರೆಯಾಗಿ ಕಡಿತವಾಗುತ್ತದೆ. ಜೀರೋ ಡೆಪ್ರಿಸಿಯೇಷನ್ ತೆಗೆದುಕೊಂಡಿದ್ದರೂ ಈ ಕಡಿತ ತಪ್ಪುವುದಿಲ್ಲ.

ರಿಯಾಯಿತಿ ಸಿಗುವುದು ನಮ್ಮ ಕಾರಿಗಾಗುವ ಹಾನಿಯ ಭಾಗಕ್ಕೆ, ಅಂದರೆ ಓನ್ ಡ್ಯಾಮೇಜ್ ಪ್ರೀಮಿಯಂಗೆ ಮಾತ್ರ. ಥರ್ಡ್ ಪಾರ್ಟಿ ದರವನ್ನು ಕೇಂದ್ರ ಸರ್ಕಾರ ನಿಗದಿಪಡಿಸುವುದರಿಂದ ಅದರಲ್ಲಿ ಒಂದು ರೂಪಾಯಿಯೂ ಇಳಿಯದು. 2007ರ ಜನವರಿ 1ರಿಂದ ಓನ್ ಡ್ಯಾಮೇಜ್ ದರ ಕಂಪನಿಗಳ ಕೈಗೆ ಬಂದಿದೆ. ಆದರೂ ಹಳೆಯ ದರಪಟ್ಟಿಯ ಹಂತಗಳನ್ನು ತಿಳಿದಿದ್ದರೆ ಲೆಕ್ಕ ಸುಲಭ. ಅದರಲ್ಲಿ 5,000 ರೂಪಾಯಿ ಹೊರಲು ಒಪ್ಪಿದರೆ ಶೇ. 25 ರಿಯಾಯಿತಿ ಇತ್ತು, 1,500 ರೂಪಾಯಿ ಮೀರದಂತೆ. 15,000 ಒಪ್ಪಿದರೆ ಶೇ. 35, ಅದರ ಮಿತಿ 2,500.

ಒಂದು ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ 6,000 ರೂಪಾಯಿ ಎಂದಿಟ್ಟುಕೊಳ್ಳೋಣ. 5,000ದ ಕಡಿತಕ್ಕೆ 1,500 ಇಳಿಯುತ್ತದೆ; ಶೇ. 18ರ ಜಿಎಸ್‌ಟಿಯೂ ಸೇರಿ ಉಳಿಯುವುದು 1,770. ಬೋನಸ್ ಬದಿಗಿಟ್ಟು ನೋಡಿದರೆ, ಮೂರು ವರ್ಷ ಕ್ಲೇಮ್ ಇಲ್ಲದೆ ಕಳೆದಾಗ ಹೊರಲು ಒಪ್ಪಿದ 5,000 ಮರಳಿ ಬಂದಂತೆ. 15,000ಕ್ಕೆ ಏರಿಸಿದರೆ ಇಳಿಯುವುದು 2,100 ಮಾತ್ರ. ಹತ್ತು ಸಾವಿರದ ಹೆಚ್ಚಿನ ಹೊರೆಗೆ ಸಿಕ್ಕಿದ್ದು ತೆರಿಗೆ ಬಿಟ್ಟು 600 ರೂಪಾಯಿ! ಇದು ಒಪ್ಪತಕ್ಕ ವ್ಯವಹಾರವಲ್ಲ.

ಹೆಚ್ಚಿನವರ ಕಣ್ತಪ್ಪುವ ಸಂಗತಿ ಮುಂದಿದೆ. ನೋ ಕ್ಲೇಮ್ ಬೋನಸ್ ಲೆಕ್ಕ ಹಾಕುವುದು ಈ ರಿಯಾಯಿತಿ ಕಳೆದು ಉಳಿದ ಮೊತ್ತದ ಮೇಲೆ. ಐದು ವರ್ಷ ಕ್ಲೇಮ್ ಮಾಡದೆ ಶೇ. 50 ಬೋನಸ್ ಗಳಿಸಿದವರಿಗೆ 4,500ರ ಅರ್ಧ 2,250 ಬೀಳುತ್ತದೆ; ಡಿಡಕ್ಟಿಬಲ್ ಇಲ್ಲದಿದ್ದರೂ 6,000ದ ಅರ್ಧ 3,000 ಕೊಟ್ಟರೆ ಸಾಕಿತ್ತು. ಹಾಗಾಗಿ ನಿಜವಾದ ಉಳಿತಾಯ 750, ತೆರಿಗೆ ಸೇರಿ 885. ಆ 5,000 ಮರಳಲು ಐದೂವರೆ ವರ್ಷ ಮೀರಿ ಬೇಕು. ಎಚ್ಚರಿಕೆಯಿಂದ ಓಡಿಸುವವರಿಗೆ ಬೋನಸ್ ವರ್ಷವರ್ಷ ಏರುತ್ತ ಹೋದಂತೆ ಈ ರಿಯಾಯಿತಿಯ ಬೆಲೆಯೂ ಇಳಿಯುತ್ತ ಹೋಗುತ್ತದೆ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಗ್ಯಾರೇಜಿನ ಬಿಲ್ 18,000 ಬಂತು, ಪ್ಲಾಸ್ಟಿಕ್ ಬಿಡಿಭಾಗಗಳ ಸವಕಳಿ ಕಳೆದು ಕಂಪನಿ 13,000 ಒಪ್ಪಿತು ಎನ್ನಿ. ಕಡ್ಡಾಯದ 1,000 ಹೋದರೆ ಕೈಗೆ 12,000. ಮೇಲೆ 5,000 ಒಪ್ಪಿದ್ದರೆ 7,000. 15,000 ಒಪ್ಪಿದ್ದರೆ ಏನೂ ಇಲ್ಲ. ಅದೇ ಬಿಲ್ 6,000 ಬಂದಿದ್ದರೆ ಹೆಚ್ಚಿನವರು ಬೋನಸ್ ಉಳಿಸಿಕೊಳ್ಳಲು ಕ್ಲೇಮೇ ಮಾಡುವುದಿಲ್ಲ. ಅಂಥವರು 5,000ದ ಕಡಿತ ಒಪ್ಪಿದರೆ ಸಣ್ಣ ಬಿಲ್ಲುಗಳಲ್ಲಿ ಕಳೆದುಕೊಳ್ಳುವುದು ಅಷ್ಟಕ್ಕಷ್ಟೆ.

ಈ ಲೆಕ್ಕ ಹಾಕಿ ಬೇಕೆನ್ನಿಸಿದರೆ ಪಾಲಿಸಿ ಮುಗಿಯುವ ಮೂರು ನಾಲ್ಕು ವಾರ ಮೊದಲೇ ಕಂಪನಿಯ ಶಾಖೆಗೆ ಪತ್ರ ಕೊಡಿ. ಅದು ಹೀಗಿದ್ದರೆ ಸಾಕು:

“ಮಾನ್ಯರೇ, ನನ್ನ ಕಾರಿನ (ನೋಂದಣಿ ಸಂಖ್ಯೆ, ಪಾಲಿಸಿ ಸಂಖ್ಯೆ) ವಿಮೆಯ ಅವಧಿ ಇಂಥ ದಿನ ಮುಗಿಯುತ್ತದೆ. ನವೀಕರಣದಲ್ಲಿ ಕಡ್ಡಾಯ ಕಡಿತದ ಜೊತೆಗೆ ಪ್ರತಿ ಕ್ಲೇಮಿಗೆ 5,000 ರೂಪಾಯಿಯ ಸ್ವಯಂ ಇಚ್ಛೆಯ ಕಡಿತವನ್ನು ಹೊರಲು ಸಿದ್ಧನಿದ್ದೇನೆ. ಕಾರಿನ ವಿಮಾ ಮೌಲ್ಯ ಮತ್ತು ಈಗಿರುವ ಹೆಚ್ಚುವರಿ ರಕ್ಷಣೆಗಳನ್ನು ಬದಲಿಸದೆ, ಈ ಕಡಿತ ಇದ್ದಾಗ ಮತ್ತು ಇಲ್ಲದಿದ್ದಾಗ ಓನ್ ಡ್ಯಾಮೇಜ್, ಬೋನಸ್, ಜಿಎಸ್‌ಟಿ ಎಷ್ಟೆಷ್ಟು ಎಂದು ಎರಡು ಲೆಕ್ಕವನ್ನೂ ಲಿಖಿತವಾಗಿ ಕೊಡಬೇಕೆಂದು ಕೋರುತ್ತೇನೆ.”

ವಿಮಾ ಮೌಲ್ಯದ ಮಾತನ್ನು ಬಿಡಬೇಡಿ. ಆ ಮೌಲ್ಯವನ್ನು ತಗ್ಗಿಸಿದರೂ ಪ್ರೀಮಿಯಂ ಇಳಿಯುತ್ತದೆ, ಮತ್ತು ಕಾರು ಕಳುವಾದ ದಿನ ಅದರ ನಷ್ಟ ನಮ್ಮದೇ. ಹೊಸ ಪಾಲಿಸಿ ಕೈಗೆ ಬಂದಾಗ ಐಎಂಟಿ 22ಎ ಎಂಬ ಷರತ್ತು ಅಥವಾ ವಾಲಂಟರಿ ಡಿಡಕ್ಟಿಬಲ್ ಎಂಬ ಸಾಲಿನ ಮುಂದೆ ನಾವು ಒಪ್ಪಿದ ಮೊತ್ತವೇ ಇದೆಯೇ ಎಂದು ನೋಡಿ.

ಬೋನಸ್ ಇನ್ನೂ ಕಡಿಮೆ ಇರುವವರು, ತುರ್ತಿಗೆ ಆರು ಸಾವಿರ ಹೊಂದಿಸಬಲ್ಲವರು 5,000ಕ್ಕೆ ಒಪ್ಪಬಹುದು. ಶೇ. 50 ಬೋನಸ್ ಇರುವವರು ಈ ಪತ್ರ ಬರೆಯುವ ಅಗತ್ಯವಿಲ್ಲ.