ಸಣ್ಣದೆಲ್ಲ ಮರಿಯಲ್ಲ
ಅಡುಗೆಮನೆಯ ಸಣ್ಣ ಜಿರಲೆಯನ್ನು ದೊಡ್ಡದರ ಮರಿಯೆಂದು ಉಪೇಕ್ಷಿಸುವುದು ತರವಲ್ಲ. ಜಿರಲೆಯ ಮರಿಗೆ ರೆಕ್ಕೆಯಿರುವುದಿಲ್ಲ. ಒಂದೂವರೆ ಸೆಂಟಿಮೀಟರಿಗೆ ಮೀರದ ದೇಹದಲ್ಲಿ ಪೂರ್ಣ ರೆಕ್ಕೆಗಳೂ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳೂ ಕಂಡರೆ ಅದು ಬಲಿತ ಜರ್ಮನ್ ಜಿರಲೆಯೆಂದೇ ತಿಳಿಯಬೇಕು.

ಸುಮಾರು 4 ಸೆಂಟಿಮೀಟರ್ ಬೆಳೆಯುವ ಅಮೆರಿಕನ್ ಜಿರಲೆಯ ತತ್ತಿಚೀಲದಲ್ಲಿರುವುದು ಸುಮಾರು 15 ಮೊಟ್ಟೆಗಳು. ತಾಯಿ ಅದನ್ನು ಬೇಗನೆ ಎಲ್ಲಿಯೋ ಇಟ್ಟು ಹೋಗುತ್ತದೆ. ಮರಿ ಬಲಿಯಲು ಆರು ತಿಂಗಳಿಗೂ ಹೆಚ್ಚು ಕಾಲ ಬೇಕಾಗಬಹುದು. ಜರ್ಮನ್ ಜಿರಲೆಯಾದರೋ 30ರಿಂದ 40 ಮೊಟ್ಟೆಗಳ ಚೀಲವನ್ನು ಅವು ಒಡೆಯುವ ಹೊತ್ತಿನವರೆಗೂ ಹೊತ್ತು ಕಾಯುತ್ತದೆ. ಬೆಚ್ಚನೆಯ ಮನೆಯಲ್ಲಿ ಮರಿಗಳು ಎರಡು ತಿಂಗಳಲ್ಲಿಯೇ ಬಲಿಯುತ್ತವೆ. ದೊಡ್ಡದರ ಮರಿ ಬಲಿಯುವುದರೊಳಗೆ ಚಿಕ್ಕದು ಮೊಮ್ಮಕ್ಕಳನ್ನು ಕಂಡಿರುತ್ತದೆ. ಆದುದರಿಂದ ಮೊದಲು ಅಂಜಬೇಕಾದುದು ಚಿಕ್ಕದಕ್ಕೇ.