ಅಪ್ಪನ ಅಟ್ಟ, ಮಗನ ಸಂಸಾರ

ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಲ್ಲಿ ಸೊಸೆ ಮುನಿಸಿಕೊಂಡು ತವರಿಗೆ ಹೋದಳೆಂದರೆ ಊರು ಮೊದಲು ಅತ್ತೆಯ ಬಾಯಿಯನ್ನು ದೂರುತ್ತದೆ, ಆಮೇಲೆ ಸೊಸೆಯ ಓದನ್ನು. ಮಗನ ಸುದ್ದಿ ಎತ್ತುವವರು ಕಡಿಮೆ. ‘ಅವ ಪಾಪ, ಯಾರಿಗೂ ಎದುರು ಮಾತಾಡುವವನಲ್ಲ’ ಎಂದು ಅವನನ್ನು ಬಿಟ್ಟುಬಿಡುತ್ತಾರೆ. ಆದರೆ ಇಂಥ ಹೆಚ್ಚಿನ ಜಗಳಗಳ ಬೇರು ಅವನು ಮಾತಾಡದೇ ಇರುವುದರಲ್ಲೇ ಇದೆ. ಆ ಮೌನಕ್ಕೆ ಅಪ್ಪ ಅಮ್ಮನ ಮೇಲಿನ ಪ್ರೀತಿಯಷ್ಟೇ ಕಾರಣವಲ್ಲ. ಕಾರಣದ ದೊಡ್ಡ ಪಾಲು ಮನೆಯ ಅಟ್ಟದಲ್ಲಿದೆ.

ನಮ್ಮ ಕಡೆ ಹಣ್ಣಡಿಕೆ ಅಂಗಳದಲ್ಲಿ ಸುಮಾರು ಒಂದೂವರೆ ತಿಂಗಳು ಒಣಗುತ್ತದೆ. ಸುಲಿದ ಮೇಲೆ ಚಾಲಿಯಾಗಿ ಗೋಣಿ ಸೇರಿ ಅಟ್ಟ ಹತ್ತುತ್ತದೆ. ಅದನ್ನು ಕೂಡಲೇ ಮಾರಬೇಕೆಂದಿಲ್ಲ. ವರ್ಷ ಕಳೆದರೆ ಅದು ಹಳೆ ಅಡಿಕೆ, ಧಾರಣೆ ಸಾಮಾನ್ಯವಾಗಿ ಹೊಸದಕ್ಕಿಂತ ಹೆಚ್ಚು. ಯಾವಾಗ, ಎಷ್ಟು ಗೋಣಿ ಇಳಿಸಿ ಕ್ಯಾಂಪ್ಕೊಗೋ ಪೇಟೆಯ ವ್ಯಾಪಾರಿಗೋ ಕೊಡುವುದೆಂದು ತೀರ್ಮಾನಿಸುವವರು ಅಪ್ಪ. ಪಹಣಿ ಅವರ ಹೆಸರಿನಲ್ಲಿ, ಸೊಸೈಟಿಯ ಬೆಳೆಸಾಲ ಅವರ ಹೆಸರಿನಲ್ಲಿ, ಅಡಿಕೆಯ ಹಣ ಬೀಳುವುದೂ ಅವರ ಖಾತೆಗೆ. ಮಗ ಮಳೆಗಾಲಕ್ಕೆ ಮೊದಲು ಮೈಲುತುತ್ತು, ಸುಣ್ಣ ಕದಡಿ ಕೊಳೆರೋಗಕ್ಕೆ ಮದ್ದು ಬಿಡಿಸುತ್ತಾನೆ, ಬೇಸಗೆಯಲ್ಲಿ ಸ್ಪ್ರಿಂಕ್ಲರ್ ತಿರುಗಿಸುತ್ತಾನೆ, ಕೊಯ್ಲಿಗೆ ಜನ ಹುಡುಕುತ್ತಾನೆ. ಅವನಿಗೆ ಸಂಬಳವಿಲ್ಲ. ‘ಇದೆಲ್ಲ ಮುಂದೆ ನಿನಗೇ ಅಲ್ವಾ?’ ಎಂಬ ಮಾತೇ ಅವನ ಸಂಬಳ. ಪೇಟೆಯಲ್ಲಿ ಹೆಂಡತಿಗೊಂದು ಜೊತೆ ಚಪ್ಪಲಿ ತೆಗೆಯುವುದಕ್ಕೂ ಅಪ್ಪನಲ್ಲಿ ಕೇಳಬೇಕಾದವನು ಅಪ್ಪನಿಗೆ ಇಲ್ಲ ಎನ್ನುವುದು ಹೇಗೆ?

ಇಂಥದೊಂದು ಮನೆಯನ್ನು ಎದುರಿಗಿಟ್ಟುಕೊಳ್ಳೋಣ. ಸೊಸೆ ಎಂ.ಕಾಂ. ಓದಿದವಳು, ಮದುವೆಗೆ ಮುಂಚೆ ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದವಳು. ಜೂನ್‌ನಿಂದ ಪುತ್ತೂರಿನ ಒಂದು ಶಾಲೆಗೆ ಹೋಗಬೇಕೆಂಬ ಆಸೆ. ಗಂಡ ಒಪ್ಪುತ್ತಾನೆ, ನಿಜವಾಗಿಯೂ ಒಪ್ಪುತ್ತಾನೆ. ‘ಅಪ್ಪನತ್ರ ಒಂದು ಮಾತು ಕೇಳ್ತೇನೆ’ ಎನ್ನುತ್ತಾನೆ. ರಾತ್ರಿ ಊಟಕ್ಕೆ ಕೂತಾಗ ಅವನು ಹೇಳುವುದು ಹೀಗೆ: ‘ಅವಳಿಗೆ ಕೆಲಸಕ್ಕೆ ಹೋಗ್ಬೇಕಂತೆ.’ ಇಬ್ಬರೂ ಸೇರಿ ಮಾಡಿದ ತೀರ್ಮಾನ ಅಷ್ಟರಲ್ಲಿ ಅವಳೊಬ್ಬಳ ಹಟವಾಗಿಬಿಟ್ಟಿರುತ್ತದೆ. ಅತ್ತೆ ‘ಇಲ್ಲಿ ಏನು ಕಮ್ಮಿ ಮಾಡಿದ್ದೇವೆ? ಆಳುಗಳಿಗೆ ಹತ್ತು ಗಂಟೆಯ ಚಾಯ ಯಾರು ಮಾಡುವುದು?’ ಎಂದು ಕೇಳುತ್ತಾರೆ. ಮಾವ ಏನೂ ಹೇಳದೆ ಕೈ ತೊಳೆಯಲು ಏಳುತ್ತಾರೆ. ಮಗ ತಟ್ಟೆ ನೋಡುತ್ತಾನೆ. ಕೋಣೆಗೆ ಬಂದ ಮೇಲೆ ಹೆಂಡತಿಗೆ ಸಮಾಧಾನ: ‘ಸ್ವಲ್ಪ ಸುಧಾರಿಸು, ಅಡಿಕೆ ಕೊಟ್ಟ ಮೇಲೆ ನೋಡುವ.’ ಧಾರಣೆ ಇಳಿದಿದೆ, ಅಡಿಕೆ ಕೊಡುವುದು ಮುಂದೆ ಹೋಗುತ್ತದೆ. ಶಾಲೆ ಶುರುವಾಗುತ್ತದೆ.

ಅತ್ತೆಯ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಅದು ನಿಜವಾದ ಪ್ರಶ್ನೆ. ಗಂಟುನೋವಿನ ಕಾಲಿಟ್ಟುಕೊಂಡು ಐದಾರು ಆಳುಗಳಿಗೆ ಚಾಯ, ಊಟ ಮಾಡುವುದು ಸುಲಭವಲ್ಲ. ಆಕೆಯೂ ಇದೇ ಮನೆಗೆ ಸಣ್ಣ ಪ್ರಾಯದಲ್ಲಿ ಬಂದು, ಯಾರಲ್ಲೂ ಏನೂ ಕೇಳಲಾಗದೆ ದಿನ ಕಳೆದವರು. ಆದರೆ ಮಗ ಬಾಯಿ ಬಿಡದ್ದರಿಂದ ಆಕೆಗೂ ಸತ್ಯ ಗೊತ್ತಾಗಲಿಲ್ಲ. ಮಗ ತನ್ನ ಕಡೆಯೇ ಇದ್ದಾನೆ, ಸೊಸೆ ಮಾತ್ರ ಹೊರಗಿನವಳು ಎಂದೇ ಆಕೆ ನಂಬಿದರು. ಇಬ್ಬರ ಮುಂದೆಯೂ ಒಳ್ಳೆಯವನಾಗಿ ಉಳಿದ ಮಗನಿಂದಾಗಿ ಹೆಂಗಸರಿಬ್ಬರೂ ಒಬ್ಬರಿಗೊಬ್ಬರು ಶತ್ರುಗಳಾದರು.

ಸೊಸೆ ಜಗಳ ಮಾಡುತ್ತಿರುವವರೆಗೆ ಸಂಸಾರ ಇನ್ನೂ ಕೈಯಲ್ಲಿದೆ ಎಂದೇ ಲೆಕ್ಕ. ಅವಳು ಕೇಳುವುದನ್ನು ನಿಲ್ಲಿಸಿದಾಗ ಹೆದರಬೇಕು. ಖರ್ಚಿನ ಹಣವನ್ನು ಗಂಡನ ಬದಲು ತನ್ನ ಅಣ್ಣನಲ್ಲಿ ಕೇಳತೊಡಗುತ್ತಾಳೆ. ಗಂಡನ ಜೊತೆಗಿನ ಮಾತೆಲ್ಲ ಮಗುವಿನ ಜ್ವರ, ಗ್ಯಾಸ್ ಸಿಲಿಂಡರುಗಳಿಗೇ ಮುಗಿಯುತ್ತದೆ. ಆಟಿಯಲ್ಲಿ ತವರಿಗೆ ಹೋದವಳು ಸೋಣ ಬಂದರೂ ಹಿಂದೆ ಬರುವುದಿಲ್ಲ. ಮನೆಯವರು ಆಗ ಗಾಬರಿಯಾಗುತ್ತಾರೆ, ಆದರೆ ಅವಳು ಮನಸ್ಸಿನಲ್ಲಿ ಹೋಗಿ ಬಹಳ ದಿನವಾಗಿರುತ್ತದೆ.

ಇಂಥ ಹೊತ್ತಿನಲ್ಲಿ ಪಂಚಾತಿಕೆಗೆ ಕೂತವರು ಒಂದು ತೀರ್ಪನ್ನು ಎತ್ತಿ ಹೇಳುವುದುಂಟು. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಿಂದ ಹೊರಟು ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ತಲುಪಿದ ಪ್ರಕರಣವದು. 2016ರ ಅಕ್ಟೋಬರ್ 6ರಂದು ಕೋರ್ಟು ಗಂಡನಿಗೆ ವಿಚ್ಛೇದನ ಕೊಟ್ಟಿತು. ಸಮರ್ಥನೀಯ ಕಾರಣವಿಲ್ಲದೆ, ಗಂಡ ತನ್ನನ್ನೇ ನಂಬಿರುವ ತಂದೆತಾಯಿಯನ್ನು ಬಿಟ್ಟು ಬೇರೆ ಬರಬೇಕೆಂದು ಹೆಂಡತಿ ಹಟ ಹಿಡಿಯುವುದು ಕ್ರೌರ್ಯ ಎಂದಿತು. ಆದರೆ ಆ ತೀರ್ಪು ನಿಂತದ್ದು ಅದೊಂದರ ಮೇಲೆಯೇ ಅಲ್ಲ. ಗಂಡನ ಮೇಲೆ ಹೊರಿಸಿದ ಸುಳ್ಳು ಅಕ್ರಮ ಸಂಬಂಧದ ಆರೋಪ, ಹೆಂಡತಿಯ ಆತ್ಮಹತ್ಯೆಯ ಯತ್ನ ಇವೂ ಅದರಲ್ಲಿ ತೂಗಿದವು. ಸಮರ್ಥನೀಯ ಕಾರಣವಿಲ್ಲದಿದ್ದರೆ ಎಂಬ ಷರತ್ತೂ ಅಲ್ಲಿಯೇ ಇದೆ. ಅದೇ ಮನೆಯಲ್ಲಿದ್ದುಕೊಂಡು ‘ನಮ್ಮ ಕೋಣೆಯ ಬಾಗಿಲು ತಟ್ಟಿ ಬನ್ನಿ, ನನ್ನ ದುಡಿಮೆ ನಮ್ಮಿಬ್ಬರ ಖಾತೆಗಿರಲಿ’ ಎನ್ನುವುದಕ್ಕೆ ಆ ತೀರ್ಪು ಅಡ್ಡ ಬರುವುದಿಲ್ಲ. ಸೊಸೆಯ ಬಾಯಿ ಮುಚ್ಚಿಸಲು ಅದನ್ನು ಬಳಸುವುದು ಅನ್ಯಾಯ. ಸೊಸೆ ಎಂದರೆ ಗಂಡನ ಮನೆಯಲ್ಲಿ ತಗ್ಗಿಯೇ ಇರಬೇಕು, ಅದು ನಮ್ಮ ಸಂಪ್ರದಾಯ ಎನ್ನುವವರು ಒಂದು ಬೇಲಿಯಾಚೆ ನೋಡಲಿ. ಇದೇ ತಾಲೂಕುಗಳ ಬಂಟರ, ಬಿಲ್ಲವರ ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಬರುತ್ತಿತ್ತು, ಮದುವೆಯಾದ ಹೆಣ್ಣಿಗೂ ಹುಟ್ಟಿದ ಕುಟುಂಬದ ಮನೆಯಲ್ಲಿ ಹಕ್ಕಿತ್ತು.

ಹಾಗಾದರೆ ಮಗ ಮಾಡಬೇಕಾದ್ದೇನು? ಮೊದಲನೆಯದಾಗಿ ಹೆಂಡತಿಯ ಮಾತನ್ನು ಹೊತ್ತು ತರುವ ಕೆಲಸ ಬಿಟ್ಟು ತನ್ನದೇ ಬಾಯಲ್ಲಿ ಹೇಳಬೇಕು. ‘ಅಪ್ಪಾ, ಜೂನ್‌ನಿಂದ ಇವಳು ಶಾಲೆಗೆ ಹೋಗ್ತಾಳೆ, ನಾವಿಬ್ಬರೂ ಸೇರಿಯೇ ನಿರ್ಧಾರ ಮಾಡಿದ್ದು. ಆಳುಗಳ ಚಾಯಕ್ಕೆ ಏನು ಮಾಡುವುದು ಅಂತ ಈಗ ಮಾತಾಡುವ.’ ಹೀಗೆ ಹೇಳಿದರೆ ಅನುಮತಿ ಕೇಳಿದಂತಾಗುವುದಿಲ್ಲ, ಅಮ್ಮನ ಕಷ್ಟವನ್ನು ಬದಿಗಿಟ್ಟಂತೆಯೂ ಆಗುವುದಿಲ್ಲ. ಚಾಯದ ಫ್ಲಾಸ್ಕನ್ನು ತೋಟಕ್ಕೆ ಒಯ್ಯುವುದು ಆ ಮೇಲೆ ಅವನ ಕೆಲಸ.

ಎರಡನೆಯದು ಹಣ. ತೋಟದ ಆದಾಯದಿಂದ ತಿಂಗಳಿಗಿಷ್ಟು ಎಂದು ಗೊತ್ತುಮಾಡಿ ಮಗ-ಸೊಸೆಯರ ಖಾತೆಗೆ ಹಾಕುವುದು, ಇಲ್ಲವಾದರೆ ತೋಟದ ಒಂದು ಭಾಗದ ಫಸಲನ್ನು ಅವರಿಗೇ ಬಿಟ್ಟುಕೊಡುವುದು. ಸಂಪಾಜೆಯ ಕಡೆ ಹಳದಿ ಎಲೆ ರೋಗ ಬಂದು ತೋಟವೇ ಬಿದ್ದ ಮನೆಗಳಲ್ಲಿ ಇದು ಆಗದ ಮಾತು. ಅಲ್ಲಿ ಸೊಸೆಯ ಸಂಬಳವೇ ಮನೆಗೆ ಬರುವ ನಗದು. ಹಾಗಾಗಿ ಅವಳ ಕೆಲಸಕ್ಕೆ ಅಡ್ಡಿ ಮಾಡಿದರೆ ನಷ್ಟ ಎಲ್ಲರಿಗೂ. ಇನ್ನು ಹೊಡೆತ, ಬೈಗುಳ, ಬೆದರಿಕೆಗಳಿರುವ ಮನೆಗೆ ಈ ಯಾವ ಮಾತೂ ಹೊಂದುವುದಿಲ್ಲ. ಅಲ್ಲಿ ದಾರಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮತ್ತು 181 ಸಹಾಯವಾಣಿ.

ಅಪ್ಪ ಅಟ್ಟದ ಹಿಡಿತ ಬಿಡದಿರುವುದಕ್ಕೆ ಒಂದು ಭಯವಿದೆ. ಜಾಗ ಮಗನ ಹೆಸರಿಗಾದರೆ ಮುದಿ ವಯಸ್ಸಿನಲ್ಲಿ ನೋಡುವವರು ಯಾರು ಎಂಬ ಭಯ. ಅದಕ್ಕೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ ಉತ್ತರವಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು, ಮಗ ನೋಡಿಕೊಳ್ಳದಿದ್ದರೆ, ಪುತ್ತೂರಿನ ಸಹಾಯಕ ಆಯುಕ್ತರ ಮುಂದೆ ಅರ್ಜಿ ಹಾಕಿ ರದ್ದು ಮಾಡಿಸಿಕೊಳ್ಳಬಹುದು. ಷರತ್ತು ಬರಿ ಬಾಯಿಮಾತಿನಲ್ಲಿದ್ದರೆ ಮುಂದೆ ತಕರಾರಾಗುತ್ತದೆ, ಪತ್ರದಲ್ಲೇ ಬರೆಸಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುನ್ನ ಆ ಕರಡನ್ನು ಸೊಸೆಗೂ ಓದಲು ಕೊಡಬೇಕು. ನೋಡಿಕೊಳ್ಳುವ ಕೆಲಸದಲ್ಲಿ ದೊಡ್ಡ ಪಾಲು ಅವಳ ಮೇಲೆಯೇ ಬೀಳುವಂಥದು.